ಡೇರಿ ಲೆಕ್ಕ ಕೊಟ್ಟರೂ ಮರುಪ್ರಶ್ನೆ ಏಕೆ?

ಪ್ರಶ್ನೆ: ನಮ್ಮೂರ ಹಾಲಿನ ಸಂಘದ ಎಕ್ಸೆಲ್ ಹಾಳೆ ಕೊಟ್ಟು ‘ಇದನ್ನು ವಿಶ್ಲೇಷಿಸಿ ಕೊಡಿ’ ಎಂದೆ. ವಿಶ್ಲೇಷಕರು ನನಗೇ ಪ್ರಶ್ನೆಗಳನ್ನು ಕೇಳಿದರು. ಏಕೆ?

ಉತ್ತರ: ಬಟ್ಟೆ ಕೊಟ್ಟು ‘ಹೊಲಿದುಕೊಡಿ’ ಎಂದಷ್ಟೇ ಹೇಳಿದರೆ ದರ್ಜಿ ಕತ್ತರಿ ಹಾಕುವುದಿಲ್ಲ. ಇಲ್ಲೂ ಹಾಗೆಯೇ, ಉದ್ದೇಶ ಬದಲಾದರೆ ಲೆಕ್ಕವೇ ಬದಲಾಗುತ್ತದೆ.

ಒಬ್ಬ ಸದಸ್ಯರು ಬೆಳಿಗ್ಗೆ 8 ಲೀಟರ್ ಹಾಕಿದರು, ಫ್ಯಾಟ್ 3.5. ಸಂಜೆ 2 ಲೀಟರ್, ಫ್ಯಾಟ್ 4.5. ಫ್ಯಾಟ್ ಕಾಲಂ ಒಂದನ್ನೇ ನೋಡಿದರೆ ಸರಾಸರಿ 4.0. ಲೀಟರ್ ಕಾಲಂ ಸೇರಿಸಿ ತೂಗಿದರೆ 3.7, ಏಕೆಂದರೆ ಹೆಚ್ಚು ಹಾಲು ಬಂದದ್ದು ಬೆಳಿಗ್ಗೆ. ಒಟ್ಟು ಹಾಲಿನ ಗುಣಮಟ್ಟ ತಿಳಿಯಲು 3.7 ಸರಿ, 4.0 ಹಿಡಿದರೆ ಲೆಕ್ಕ ತಪ್ಪುತ್ತದೆ. ಫ್ಯಾಟ್ ಅಳೆಯುವ ಯಂತ್ರದ ಮೇಲೆ ಅನುಮಾನವಿದ್ದರೆ ಈ ಎರಡೂ ಸಾಲವು. ಆಗ ಸರಾಸರಿ ಬಿಟ್ಟು, ಒಂದೇ ಹೊತ್ತಿನಲ್ಲಿ ಎಲ್ಲ ಸದಸ್ಯರ ಫ್ಯಾಟ್ ಒಟ್ಟಿಗೆ ಏರಿದೆಯೇ ಎಂದು ದಿನಾಂಕದ ಕಾಲಂ ಹಿಡಿದು ಹುಡುಕಬೇಕು. ಒಬ್ಬರದು ಮಾತ್ರ ಏರಿದ್ದರೆ ಕಾರಣ ಬಹುಶಃ ಯಂತ್ರವಲ್ಲ, ಅವರ ಹಸು ಅಥವಾ ಅದರ ಮೇವು.

ಇನ್ನು ಓದುವವರು: ಕಾರ್ಯದರ್ಶಿಗೆ ಸದಸ್ಯವಾರು ಪಟ್ಟಿ ಬೇಕು, ಸೂಚನಾ ಫಲಕಕ್ಕೆ ಒಂದು ಸರಳ ನಕ್ಷೆ ಸಾಕು. ಮುಂದಿನ ಸಲ ಹೀಗೆ ಕೇಳಿ: ‘ಜೂನ್‌ನಿಂದ ಫ್ಯಾಟ್ ಏಕೆ ಇಳಿದಿದೆ? ದಿನಾಂಕ, ಲೀಟರ್, ಫ್ಯಾಟ್ ಕಾಲಂ ನೋಡಿ. ಆಡಳಿತ ಮಂಡಳಿಗೆ ಒಂದು ಪುಟದಲ್ಲಿ ಬೇಕು.’