ಎರಡು ಚೀಲ ಕಡಿಮೆ ಬಿದ್ದಾಗ

ನವಮಂಗಳೂರು ಬಂದರಿನಿಂದ ಇಟಲಿಗೆ ಹೊರಟ ಒಂದು ಕಂಟೇನರ್ ಕಾಫಿಯನ್ನೇ ತೆಗೆದುಕೊಳ್ಳಿ. 60 ಕೆಜಿಯ 320 ಚೀಲ ಹುರಿಯದ ಬೀಜ, ನಿವ್ವಳ ತೂಕ 19,200 ಕೆಜಿ. ಖಾಲಿ ಚೀಲ ತಲಾ ಒಂದು ಕೆಜಿ ಎಂದುಕೊಂಡರೆ ಒಟ್ಟು ತೂಕ 19,520.

ಈ ಅಂಕಿಗಳು ಮೊದಲು ಇಳಿಯುವುದು ಇನ್‌ವಾಯ್ಸ್‌ನಲ್ಲಿ. ಯಾರು ಯಾರಿಗೆ ಏನನ್ನು ಎಷ್ಟಕ್ಕೆ ಮಾರಿದರು ಎಂಬುದು ಅಲ್ಲಿರುತ್ತದೆ. ಚೀಲಗಳ ಲೆಕ್ಕ, ಅವುಗಳ ಮೇಲಿನ ಗುರುತು, ತೂಕ ಇವೆಲ್ಲ ಪ್ಯಾಕಿಂಗ್ ಲಿಸ್ಟ್‌ಗೆ ಸೇರಿದ್ದು. ಇವೆರಡನ್ನೂ ಇಟ್ಟುಕೊಂಡು ಕಸ್ಟಮ್ಸ್ ಏಜೆಂಟರು ಶಿಪ್ಪಿಂಗ್ ಬಿಲ್ ಸಲ್ಲಿಸುತ್ತಾರೆ. ಅದು ‘ಇಂಥ ಸರಕು ದೇಶ ಬಿಡುತ್ತಿದೆ’ ಎಂದು ಸರ್ಕಾರಕ್ಕೆ ಮಾಡುವ ಘೋಷಣೆ. ಕಾಫಿ ಭಾರತದ್ದೇ ಎನ್ನುವ ಮೂಲ ಪ್ರಮಾಣಪತ್ರವನ್ನು ಕಾಫಿ ಬೋರ್ಡ್ ಕೊಡುತ್ತದೆ. ಅದಕ್ಕೂ ಇದೇ ಅಂಕಿಗಳು.

ಈಗ ಕಂಟೇನರ್ ತುಂಬುವಾಗ ಎರಡು ಚೀಲ ನೆಂದಿರುವುದು ಕಂಡಿತು, ಹೊರಗಿಟ್ಟರು ಎನ್ನಿ. ಉಳಿದದ್ದು 318 ಚೀಲ, 19,080 ಕೆಜಿ. ಗೋದಾಮಿನವರು ಪ್ಯಾಕಿಂಗ್ ಲಿಸ್ಟ್ ತಿದ್ದಿದರು. ಹಡಗು ಕಂಪನಿಯೂ 318 ಎಂದೇ ರಸೀದಿ ಕೊಟ್ಟಿತು. ಇನ್‌ವಾಯ್ಸ್ ಮಾತ್ರ ಹಳೆಯ 320ರಲ್ಲೇ ನಿಂತಿತು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ತಿದ್ದುಪಡಿ ಎಲ್ಲ ಕಾಗದಗಳಿಗೂ ತಲುಪಿಲ್ಲ ಅಷ್ಟೆ. ನಾನು ಕಂಡಂತೆ ಹೆಚ್ಚಿನ ತಪ್ಪುಗಳ ಹುಟ್ಟು ಹೀಗೆಯೇ.

ವ್ಯವಹಾರ ಲೆಟರ್ ಆಫ್ ಕ್ರೆಡಿಟ್ ಮೇಲೆ ನಡೆದಿದ್ದರೆ ಹಣ ಕೊಡುವ ಬ್ಯಾಂಕು ಕಾಫಿಯನ್ನು ನೋಡುವುದೇ ಇಲ್ಲ, ಕಾಗದವನ್ನಷ್ಟೇ ನೋಡುತ್ತದೆ. ಅದು ಅನುಸರಿಸುವ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600, 2007ರಿಂದ ಜಾರಿಯಲ್ಲಿದೆ. ಎಲ್ಲ ಕಾಗದಗಳೂ ಅಕ್ಷರಶಃ ಒಂದೇ ರೀತಿ ಇರಬೇಕೆಂದು ಅದು ಕೇಳುವುದಿಲ್ಲ. ಸರಕಿನ ವಿವರಣೆ ಇನ್‌ವಾಯ್ಸ್‌ನಲ್ಲಿ ಕ್ರೆಡಿಟ್‌ಗೆ ತಾಳೆಯಾಗಬೇಕು. ಉಳಿದವುಗಳಲ್ಲಿ ಬರೀ ‘ಕಾಫಿ’ ಎಂದಿದ್ದರೂ ನಡೆಯುತ್ತದೆ, ಒಂದಕ್ಕೊಂದು ವಿರುದ್ಧ ಹೇಳಬಾರದು. ಕ್ರೆಡಿಟ್‌ನಲ್ಲಿ ಪ್ರಮಾಣ ಕೆಜಿಯಲ್ಲಿದ್ದರೆ ಸಾಮಾನ್ಯವಾಗಿ ಶೇ. 5ರಷ್ಟು ಹೆಚ್ಚುಕಡಿಮೆಗೆ ಅವಕಾಶವೂ ಉಂಟು, ‘320 ಚೀಲ’ ಎಂದು ಎಣಿಕೆಯಲ್ಲಿದ್ದರೆ ಆ ರಿಯಾಯಿತಿ ಇಲ್ಲ. ಅಂದರೆ ತೂಕದ ಲೆಕ್ಕದ ಕ್ರೆಡಿಟ್‌ನಲ್ಲಿ ಎರಡು ಚೀಲದ ಕೊರತೆ ದಾಟಿಹೋಗಬಹುದು. ಇನ್‌ವಾಯ್ಸ್ 320, ಹಡಗಿನ ರಸೀದಿ 318 ಎನ್ನುವುದು ದಾಟುವುದಿಲ್ಲ. ಬ್ಯಾಂಕು ಹಣ ನಿರಾಕರಿಸಬಹುದು. ಅಷ್ಟರಲ್ಲಿ ಬೆಲೆ ಇಳಿದಿದ್ದರೆ ರಿಯಾಯಿತಿ ಕೇಳಲು ಖರೀದಿದಾರನಿಗೆ ನೆಪ ಸಿಕ್ಕಂತೆ.

ಇತ್ತ ಕಸ್ಟಮ್ಸ್‌ನಲ್ಲಿ, ಶಿಪ್ಪಿಂಗ್ ಬಿಲ್‌ನ ಚೀಲಗಳ ಸಂಖ್ಯೆಯನ್ನು ಹಡಗಿನ ಸರಕುಪಟ್ಟಿಯೊಂದಿಗೆ ಕಂಪ್ಯೂಟರ್ ಹೋಲಿಸುತ್ತದೆ. ತಾಳೆಯಾಗದಿದ್ದರೆ ರಫ್ತುದಾರನಿಗೆ ಬರಬೇಕಾದ ಪ್ರೋತ್ಸಾಹಧನ ಅಲ್ಲೇ ನಿಲ್ಲುತ್ತದೆ. ಜಿಎಸ್‌ಟಿ ಕಟ್ಟಿ ಕಳಿಸುವ ಸರಕಾದರೆ ಇನ್‌ವಾಯ್ಸ್ ನಂಬರಿನಲ್ಲಿ ಒಂದು ಅಡ್ಡಗೆರೆ ವ್ಯತ್ಯಾಸವಾದರೂ ರೀಫಂಡ್ ಸಿಕ್ಕಿಹಾಕಿಕೊಳ್ಳುತ್ತದೆ, ಪರದೆಯ ಮೇಲೆ SB005 ಎಂಬ ದೋಷಸಂಕೇತ ಬರುತ್ತದೆ. ಸರಕು ದಾಟಿದ ಮೇಲೆ ಶಿಪ್ಪಿಂಗ್ ಬಿಲ್ ತಿದ್ದಬಹುದು, ಆದರೆ ರಫ್ತಿನ ಸಮಯದಲ್ಲೇ ಇದ್ದ ದಾಖಲೆಯನ್ನು ಆಧಾರವಾಗಿ ತೋರಿಸಬೇಕು.

ಹೊಸದಾಗಿ ರಫ್ತಿಗೆ ಇಳಿಯುವವರು ಕಂಟೇನರಿಗೆ ಸೀಲ್ ಬಿದ್ದ ದಿನವೇ ಎಲ್ಲ ಕಾಗದಗಳನ್ನೂ ಮುಂದೆ ಹರಡಿಕೊಂಡು ಇನ್‌ವಾಯ್ಸ್ ನಂಬರು, ಚೀಲ, ನಿವ್ವಳ ತೂಕ, ಒಟ್ಟು ತೂಕ ಇವಿಷ್ಟನ್ನು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ತಾಳೆ ನೋಡಿ.