ಅರವತ್ತು ದಾಟಿದವರ ಮದುವೆಗೆ ಆಮಂತ್ರಣ ಬರೆಯುವುದು

ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯಲ್ಲಿ ಸಿದ್ಧ ಒಕ್ಕಣೆ ಇರುತ್ತದೆ: ‘ನಮ್ಮ ಜ್ಯೇಷ್ಠ ಪುತ್ರ ಚಿ॥ ರಾ॥’, ‘ದ್ವಿತೀಯ ಪುತ್ರಿ ಚಿ॥ ಕುಂ॥ ಸೌ॥’. ಅದು ಹೆತ್ತವರು ಮಕ್ಕಳಿಗೆ ಮಾಡುವ ಮದುವೆಯ ಭಾಷೆ. ಸಂಗಾತಿಯನ್ನು ಕಳೆದುಕೊಂಡ ಇಬ್ಬರು ಹಿರಿಯರು ಮದುವೆಯಾಗುವಾಗ ಅದರಲ್ಲೇ ಹೆಸರು ತುಂಬಿಸಿದರೆ ಓದುವವರಿಗೂ ಮುಜುಗರ, ಅವರಿಗೂ ಮುಜುಗರ.

ಮೊದಲು ತೀರ್ಮಾನಿಸಬೇಕಾದ್ದು, ಕರೆಯುವವರು ಯಾರು ಎಂಬುದನ್ನು. ಎರಡೂ ಮನೆಯ ಮಕ್ಕಳು ಸೇರಿ ಕರೆದರೆ ಬಹಳ ಚೆಂದ. ಆದರೆ ಒಬ್ಬ ಮಗನಿಗೆ ಮನಸ್ಸಿಲ್ಲದಿದ್ದರೂ ಪಟ್ಟಿಯಲ್ಲಿ ಅವನ ಹೆಸರಿಲ್ಲದ್ದೇ ನೆಂಟರ ಕಣ್ಣಿಗೆ ಬೀಳುತ್ತದೆ. ಕೇಳದೆ ಹೆಸರು ಹಾಕಿದರೆ ಜಗಳ. ಆಗ ಜೋಡಿಯೇ ಕರೆಯುವುದು ಮೇಲು. ಶಾರದಾ, ರಾಮಚಂದ್ರ ಎಂಬ ಹೆಸರುಗಳನ್ನು ಇಟ್ಟುಕೊಂಡು ಬರೆಯೋಣ:

“ದಿ॥ ಕಮಲಾ ಮತ್ತು ದಿ॥ ಗೋಪಾಲ ಅವರನ್ನು ಪ್ರೀತಿಯಿಂದ ನೆನೆಯುತ್ತಾ,

ಶ್ರೀಮತಿ ಶಾರದಾ ಮತ್ತು ಶ್ರೀ ರಾಮಚಂದ್ರ ಆದ ನಾವು, ನಮ್ಮ ಮಕ್ಕಳು, ಮೊಮ್ಮಕ್ಕಳ ಸಮ್ಮುಖದಲ್ಲಿ ವಿವಾಹವಾಗುತ್ತಿದ್ದೇವೆ. ತಾವು ಕುಟುಂಬ ಸಮೇತ ಬಂದು, ನಮ್ಮೊಂದಿಗೆ ಊಟ ಮಾಡಿ, ಶುಭ ಹಾರೈಸಬೇಕಾಗಿ ವಿನಂತಿ.”

‘ಮಕ್ಕಳ ಒಪ್ಪಿಗೆಯೊಂದಿಗೆ’ ಎಂದು ಇಲ್ಲಿ ಬರೆದಿಲ್ಲ. ಹಿರಿಯರು ಅನುಮತಿ ಪಡೆದು ಮದುವೆಯಾದಂತೆ ಅದು ಕೇಳಿಸುತ್ತದೆ. ‘ಒಂಟಿತನ ನೀಗಲು’, ‘ಬಾಳ ಮುಸ್ಸಂಜೆಯಲ್ಲಿ ಆಸರೆಗಾಗಿ’ ಎಂಬ ಸಾಲುಗಳೂ ಬೇಡ. ಯಾವ ಮದುವೆಯ ಕಾರ್ಡಿನಲ್ಲೂ ಕಾರಣ ಹೇಳುವುದಿಲ್ಲ, ಇಲ್ಲಿ ಮಾತ್ರ ಏಕೆ ಹೇಳಬೇಕು? ‘ಮರುಮದುವೆ’ ಎಂಬ ಶೀರ್ಷಿಕೆಯೂ ಬೇಕಿಲ್ಲ. ‘ವಿವಾಹ ಆಮಂತ್ರಣ’ ಸಾಕು. ‘ವಧೂವರರನ್ನು ಆಶೀರ್ವದಿಸಿ’ ಎಂದರೆ ಬರುವವರಲ್ಲಿ ಅರ್ಧದಷ್ಟು ಜನ ಇವರಿಗಿಂತ ಕಿರಿಯರು, ಅದಕ್ಕೇ ‘ಶುಭ ಹಾರೈಸಿ’.

ತೀರಿಕೊಂಡವರ ಹೆಸರು ಎಲ್ಲಕ್ಕಿಂತ ಸೂಕ್ಷ್ಮ. ಶಾರದಾ ಅವರ ಹೆಸರಿನ ಕೆಳಗೆ ಮಾತ್ರ ‘ದಿ॥ ಗೋಪಾಲ ಅವರ ಪತ್ನಿ’ ಎಂದು ಹಾಕಿ, ರಾಮಚಂದ್ರರ ಹೆಸರನ್ನು ಹಾಗೇ ಬಿಟ್ಟರೆ ಹೆಣ್ಣಿಗೆ ಮಾತ್ರ ಹಳೆಯ ಗುರುತು ಅಂಟಿಸಿದಂತಾಗುತ್ತದೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ, ಮನೆದೇವರ ಹೆಸರಿನ ಕೆಳಗೆ ನೆನೆಯಬೇಕು. ಒಂದು ಕಡೆಯ ಮಕ್ಕಳಿಗೆ ಅದು ನೋವೆನಿಸಿದರೆ ಎರಡೂ ಹೆಸರು ಬಿಡಬೇಕು. ಆಕೆಯ ಇನಿಷಿಯಲ್ ಯಾವುದಿರಬೇಕೆಂದು ಆಕೆಯನ್ನೇ ಕೇಳಿ. ಊರಿಗೆಲ್ಲ ಗೊತ್ತಿರುವ ಹೆಸರನ್ನು ಕಾರ್ಡಿಗಾಗಿ ಬದಲಿಸಬೇಕಾಗಿಲ್ಲ.

ಅಚ್ಚಿಗೆ ಕೊಡುವ ಮುನ್ನ ಪೂರ್ತಿ ಒಕ್ಕಣೆಯನ್ನು ಎರಡೂ ಮನೆಯ ಮಕ್ಕಳಿಗೆ ಫೋನಿನಲ್ಲಿ ಓದಿ ಹೇಳಿ. ವಾಟ್ಸ್ಯಾಪ್‌ನಲ್ಲಿ ಬಂದ ಕಾರ್ಡಿನಿಂದ ಸುದ್ದಿ ತಿಳಿದ ಮಗಳ ಬೇಸರವನ್ನು ಎಷ್ಟು ಒಳ್ಳೆಯ ಒಕ್ಕಣೆಯೂ ಕಳೆಯಲಾರದು. ತೀರಿಹೋದ ಗಂಡನ ಅಣ್ಣತಮ್ಮಂದಿರಿಗೆ, ಹೆಂಡತಿಯ ತವರಿಗೆ ಕಾರ್ಡನ್ನು ಕೈಯಾರೆ ಕೊಟ್ಟು ಕರೆಯಿರಿ.

1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ದಿನಾಂಕದ ವಿಷಯದಲ್ಲಿ ಆತುರಪಡಬಾರದು. ನೋಟಿಸ್ ಪ್ರಕಟವಾಗಿ 30 ದಿನ ಕಳೆಯಬೇಕು, ಮೂವರು ಸಾಕ್ಷಿಗಳು ಬೇಕು. ಮದುವೆ ಅಧಿಕಾರಿಯ ಕಚೇರಿಯಲ್ಲಿ ದಿನ ಖಚಿತವಾದ ಮೇಲೆಯೇ ಕಾರ್ಡನ್ನು ಅಚ್ಚಿಗೆ ಕೊಡಿ.