ಹೋಟೆಲಿಗೆ ಕ್ಯಾಪ್ಟನ್ ಆರಿಸುವುದು ಹೇಗೆ? – ಎರಡು ಭಾಷೆಯ ಪ್ರಶ್ನೆಗಳು ಮತ್ತು ಅಂಕಪಟ್ಟಿ



ಸಂಘದ ಸದಸ್ಯೆಯರು ಸೇರಿ ಕ್ಯಾಂಟೀನ್ ನಡೆಸುವಾಗ ಕ್ಯಾಪ್ಟನ್ ಬೇಕಾಗುವುದಿಲ್ಲ. ಅದೇ ಕ್ಯಾಂಟೀನ್ ಹತ್ತು ಹನ್ನೆರಡು ಟೇಬಲಿನ ಹೋಟೆಲ್ ಆದಾಗ ಒಬ್ಬರು ಬೇಕೇ ಬೇಕು. ಗ್ರಾಹಕರನ್ನು ಕೂರಿಸಿ ಆರ್ಡರ್ ಬರೆದುಕೊಳ್ಳುವವರು, ವೇಟರ್‌ಗಳಿಗೆ ಕೆಲಸ ಹಂಚುವವರು, ಬಿಲ್ ಸರಿ ಇದೆಯೇ ಎಂದು ನೋಡುವವರು ಕ್ಯಾಪ್ಟನ್. ಅಡುಗೆಮನೆ, ಗಲ್ಲಾ, ಗ್ರಾಹಕರು – ಈ ಮೂರರ ನಡುವಿನ ಕೊಂಡಿ ಅವರೇ.

ಸಂದರ್ಶನ ಮಾಡುವಾಗ ನಾವು ಸಾಮಾನ್ಯವಾಗಿ ಒಂದು ತಪ್ಪು ಮಾಡ್ತೇವೆ. ಚೆನ್ನಾಗಿ ಬಟ್ಟೆ ಹಾಕಿ, ನಗುತ್ತಾ, ಪಟಪಟ ಮಾತಾಡಿದವರನ್ನು ತಗೊಂಡು ಬಿಡ್ತೇವೆ. ಹಾಗಾಗಬಾರದು ಎಂದಾದರೆ ಬಂದವರೆಲ್ಲರಿಗೂ ಅದೇ ಪ್ರಶ್ನೆ ಅದೇ ಕ್ರಮದಲ್ಲಿ ಕೇಳಬೇಕು, ಉತ್ತರಕ್ಕೆ ಆಗಲೇ ಅಂಕ ಹಾಕಬೇಕು.

ಎರಡು ಭಾಷೆ ಯಾಕೆ?

ಈ ಕೆಲಸಕ್ಕೆ ಹೊರರಾಜ್ಯದ ಹುಡುಗರು ಹುಡುಗಿಯರು ಬರುವುದುಂಟು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ನಮಗೆ ಹಿಂದಿ ಅಷ್ಟಕ್ಕಷ್ಟೆ. ಪ್ರಶ್ನೆ ಅರ್ಥವಾಗದೆ ತಪ್ಪು ಹೇಳಿದರೆ ಅದು ಅವರ ತಪ್ಪಲ್ಲ. ಅದಕ್ಕೆ ಹಿಂದಿಯನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ. ನೋಡಿ ಓದಿದರೆ ಸಾಕು.

ಐದು ಪ್ರಶ್ನೆಗಳು

1. ಹಿಂದಿನ ಕೆಲಸದಲ್ಲಿ ಒಂದು ಹೊತ್ತಿಗೆ ಎಷ್ಟು ಟೇಬಲ್, ಎಷ್ಟು ವೇಟರ್‌ಗಳನ್ನು ನೋಡ್ಕೊಳ್ತಿದ್ರಿ?
(ಪಿಛ್ಲೇ ಕಾಮ್ ಮೇಂ ಆಪ್ ಕಿತ್ನೇ ಟೇಬಲ್, ಕಿತ್ನೇ ವೇಟರ್ ದೇಖ್ತೇ ಥೇ?)
ನಿಜವಾಗಿ ಮಾಡಿದವರು ಲೆಕ್ಕ ಕೊಟ್ಟು ಹೇಳ್ತಾರೆ. "ತುಂಬಾ ನೋಡಿದ್ದೇನೆ" ಎಂದಷ್ಟೇ ಹೇಳಿದರೆ ಇನ್ನೊಮ್ಮೆ ಕೇಳಿ.

2. ಗ್ರಾಹಕರು ಕೂತಲ್ಲಿಂದ ಬಿಲ್ ಕೊಡುವವರೆಗೆ ಏನೇನು ಮಾಡ್ತೀರಿ?
(ಗ್ರಾಹಕ್ ಕೇ ಬೈಠ್ನೇ ಸೇ ಬಿಲ್ ತಕ್ ಆಪ್ ಕ್ಯಾ ಕ್ಯಾ ಕರ್ತೇ ಹೈಂ?)
ನೀರು, ಮೆನು, ಆರ್ಡರ್ ಬರೆಯುವುದು, ಬರೆದದ್ದನ್ನು ಓದಿ ಹೇಳುವುದು, ಅಡುಗೆಮನೆಗೆ ಚೀಟಿ, ಬಡಿಸಿದ ಮೇಲೆ ಒಮ್ಮೆ ವಿಚಾರಿಸುವುದು, ಕೊನೆಗೆ ಚೀಟಿಯ ಜೊತೆ ಬಿಲ್ ತಾಳೆ ನೋಡುವುದು. "ಓದಿ ಹೇಳ್ತೇನೆ" ಎಂಬ ಮಾತು ಬಂತೇ ಎಂದು ಗಮನಿಸಿ.

3. ವೆಜ್ ಬಿರಿಯಾನಿ ಕೇಳಿದ್ರು, ಬಂದದ್ದು ಚಿಕನ್. ಏನು ಮಾಡ್ತೀರಿ?
(ವೆಜ್ ಮಾಂಗಾ, ಚಿಕನ್ ಆ ಗಯಾ. ಆಪ್ ಕ್ಯಾ ಕರೇಂಗೇ?)
ತಟ್ಟೆಯನ್ನು ಕೂಡಲೇ ತೆಗೆದು, ಕ್ಷಮೆ ಕೇಳಿ, ಹೊಸ ತಟ್ಟೆಯಲ್ಲಿ ಹೊಸದನ್ನು ತರಬೇಕು. ಚಿಕನ್ ತುಂಡು ತೆಗೆದು ಅದನ್ನೇ ಕೊಡ್ತೇನೆ ಅಂದರೆ ಸೊನ್ನೆ. ಯಾರದ್ದು ತಪ್ಪು ಎಂಬ ವಿಚಾರಣೆ ಗ್ರಾಹಕರ ಎದುರು ಆಗಬಾರದು.

4. ಗ್ರಾಹಕರು, ನನಗೆ ನೆಲಗಡಲೆ ಆಗುವುದಿಲ್ಲ ಅಂತಾರೆ. ಏನು ಮಾಡ್ತೀರಿ?
(ಮೇಹಮಾನ್ ಕಹ್ತೇ ಹೈಂ, ಮುಝೇ ಮೂಂಗ್‌ಫಲೀ ನಹೀಂ ಚಲ್ತೀ. ಆಪ್ ಕ್ಯಾ ಕರೇಂಗೇ?)
ಕೆಲವರಿಗೆ ಸ್ವಲ್ಪ ತಿಂದರೂ ಉಸಿರುಗಟ್ಟಿ ಪ್ರಾಣಕ್ಕೇ ಅಪಾಯ. ಅಡುಗೆಯವರನ್ನೇ ಕೇಳ್ತೇನೆ, ಚೀಟಿಯಲ್ಲಿ ಬರೀತೇನೆ, ಖಚಿತ ಇಲ್ಲದಿದ್ದರೆ ಅದನ್ನೇ ಗ್ರಾಹಕರಿಗೆ ಹೇಳ್ತೇನೆ ಎನ್ನುವುದು ಸರಿಯಾದ ಉತ್ತರ. ಊಹೆ ಮಾಡಿ ಹೇಳುವವರಿಗೆ ಸೊನ್ನೆ.

5. ವೇಟರ್ ಚೀಟಿ ಬರೆಯದೆ ಒಂದು ಪ್ಲೇಟ್ ಕೊಟ್ಟಿದ್ದಾನೆ. ಬಿಲ್ಲಿನಲ್ಲಿ ಅದು ಇಲ್ಲ. ಏನು ಮಾಡ್ತೀರಿ?
(ವೇಟರ್ ನೇ ಬಿನಾ ಪರ್ಚೀ ಪ್ಲೇಟ್ ದೇ ದಿಯಾ. ಬಿಲ್ ಮೇಂ ನಹೀಂ ಹೈ. ಆಪ್ ಕ್ಯಾ ಕರೇಂಗೇ?)
ಆರ್ಡರ್ ಚೀಟಿಗೆ ಹೋಟೆಲಿನವರು ಕೆ.ಒ.ಟಿ. ಅಂತಾರೆ. ಅದರ ಒಂದು ಪ್ರತಿ ಅಡುಗೆಮನೆಗೆ, ಒಂದು ಗಲ್ಲಾಕ್ಕೆ. ಚೀಟಿ ಇಲ್ಲದೆ ಹೊರಗೆ ಹೋದ ಊಟದ ಹಣ ನಮ್ಮ ಕೈಗೆ ಬರುವುದಿಲ್ಲ. ಆಗಲೇ ಚೀಟಿ ಬರೆದು ಬಿಲ್ಲಿಗೆ ಸೇರಿಸ್ತೇನೆ, ವೇಟರ್‌ನನ್ನು ಬೇರೆ ಕರೆದು ಕೇಳ್ತೇನೆ, ನಿಮಗೂ ತಿಳಿಸ್ತೇನೆ ಅನ್ನಬೇಕು. "ಒಂದು ಪ್ಲೇಟ್ ತಾನೇ" ಅಂದರೆ ಸೊನ್ನೆ.

ಒಂದು ಸಣ್ಣ ಪರೀಕ್ಷೆ

ನಾಲ್ವರು ಸದಸ್ಯೆಯರು ಗ್ರಾಹಕರಾಗಿ ಟೇಬಲ್ 4ರಲ್ಲಿ ಕೂರಲಿ. ಎರಡು ಮೀನೂಟ, ಒಂದು ವೆಜ್ ಊಟ, ಖಾರ ಕಡಿಮೆ ಹಾಕಿ ಒಂದು ಚಿಕನ್ ಸುಕ್ಕ, ನಾಲ್ಕು ನೀರುದೋಸೆ ಹೇಳಲಿ. ಸ್ವಲ್ಪ ತಡೆದು ಒಬ್ಬರು "ನನಗೆ ಮೀನು ಬೇಡ, ವೆಜ್ ಊಟವೇ ಕೊಡಿ" ಅನ್ನಲಿ. ಚೀಟಿಯಲ್ಲಿ ಕೊನೆಗೆ ಒಂದು ಮೀನೂಟ, ಎರಡು ವೆಜ್ ಊಟ ಇರಬೇಕು.

ಅಂಕಪಟ್ಟಿ

ಪ್ರಶ್ನೆ 1ರಿಂದ 5: ತಲಾ 4 ಅಂಕ, ಒಟ್ಟು 20. ಕ್ರಮವಾಗಿ, ಸರಿಯಾಗಿ ಹೇಳಿದರೆ 4; ಅರ್ಧ ಹೇಳಿದರೆ 2; ತಪ್ಪಾದರೆ 0.
ಪರೀಕ್ಷೆ: 10 ಅಂಕ. ಟೇಬಲ್ ನಂಬರ್ ಮತ್ತು ಸಮಯ 2, ತಿಂಡಿಗಳ ಲೆಕ್ಕ 3, "ಖಾರ ಕಡಿಮೆ" ಬರೆದದ್ದು 2, ಓದಿ ಹೇಳಿದ್ದು 3.
ಒಟ್ಟು: 30.
ನಿಯಮ: 4 ಅಥವಾ 5ನೇ ಪ್ರಶ್ನೆಗೆ ಸೊನ್ನೆ ಬಂದರೆ, ಒಟ್ಟು ಎಷ್ಟೇ ಇದ್ದರೂ ಕೆಲಸ ಇಲ್ಲ.

ಮೂವರು ಬೇರೆ ಬೇರೆ ಹಾಳೆಯಲ್ಲಿ ಅಂಕ ಹಾಕಿ. ಅಂಕದ ಪಕ್ಕದಲ್ಲಿ ಅವರು ಹೇಳಿದ ಮಾತನ್ನು ಒಂದು ಸಾಲು ಬರೆಯಿರಿ. ಎಲ್ಲರೂ ಹಾಕಿ ಮುಗಿಸುವವರೆಗೆ ಒಬ್ಬರಿಗೊಬ್ಬರು ಮಾತಾಡಬೇಡಿ.

ಒಂದು ಉದಾಹರಣೆ

ಇಬ್ಬರು ಬಂದರೆಂದು ಇಟ್ಟುಕೊಳ್ಳೋಣ. ಮೊದಲನೆಯವರು ದೊಡ್ಡ ಹೋಟೆಲಿನಲ್ಲಿ ಇದ್ದವರು, ಮಾತು ಚೊಕ್ಕ. ಪ್ರಶ್ನೆಗಳಿಗೆ 4, 4, 4, 0, 4, ಪರೀಕ್ಷೆಗೆ 10. ಒಟ್ಟು 26. ಎರಡನೆಯವರು ಹೆದ್ದಾರಿ ಬದಿಯ ಸಣ್ಣ ಹೋಟೆಲಿನವರು, ತಡವರಿಸಿ ಮಾತಾಡ್ತಾರೆ. ಪ್ರಶ್ನೆಗಳಿಗೆ 2, 2, 4, 4, 4. ಚೀಟಿಯಲ್ಲಿ ಟೇಬಲ್ ನಂಬರ್, ಸಮಯ ಎರಡೂ ಮರೆತದ್ದಕ್ಕೆ ಪರೀಕ್ಷೆಗೆ 8. ಒಟ್ಟು 24.

ಮೊದಲನೆಯವರ 4ನೇ ಪ್ರಶ್ನೆಗೆ ಇಬ್ಬರು ಸದಸ್ಯೆಯರು 0 ಹಾಕಿದ್ದರು, ಒಬ್ಬರು 4 ಹಾಕಿದ್ದರು. ಆಗ ಮೂವರೂ ಬರೆದ ಸಾಲು ಓದಿದರು. "ನಮ್ಮಲ್ಲಿ ನೆಲಗಡಲೆ ಹಾಕೋದೇ ಇಲ್ಲ ಅಂತ ಹೇಳಿ ಸಮಾಧಾನ ಮಾಡ್ತೀನಿ" ಎಂದಿತ್ತು. ನಮ್ಮ ಅಡುಗೆಮನೆಯನ್ನೇ ನೋಡದವರು ಹೀಗೆ ಹೇಳಿದ್ದು ಊಹೆ. 4 ಹಾಕಿದವರು ಅವರು ಹೇಳಿದ ಧೈರ್ಯಕ್ಕೆ ಅಂಕ ಕೊಟ್ಟಿದ್ದರು. ಅದು 0 ಆಯಿತು. 26 ಇದ್ದರೂ ನಿಯಮದಂತೆ ಅವರನ್ನು ತೆಗೆದುಕೊಳ್ಳುವಂತಿಲ್ಲ. ಟೇಬಲ್ ನಂಬರ್ ಬರೆಯುವ ಅಭ್ಯಾಸವನ್ನು ಒಂದು ವಾರದಲ್ಲಿ ಮಾಡಿಸಬಹುದು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಚಾಳಿ ಬಿಡಿಸುವುದು ಕಷ್ಟ.

ಇದರಿಂದ ತಿಳಿಯದ್ದು

ಮಧ್ಯಾಹ್ನ ಒಂದು ಗಂಟೆಗೆ ಎಲ್ಲ ಟೇಬಲ್ ತುಂಬಿದಾಗ ತಾಳ್ಮೆ ಉಳಿಯುತ್ತದೆಯೇ ಎಂಬುದು ಯಾವ ಪ್ರಶ್ನೆಯಿಂದಲೂ ಗೊತ್ತಾಗುವುದಿಲ್ಲ. ಆದ್ದರಿಂದ ಮೂರು ದಿನ ಕೆಲಸಕ್ಕೆ ಹಚ್ಚಿ ನೋಡಿ, ಆ ದಿನಗಳ ಸಂಬಳವನ್ನೂ ಕೊಡಿ. ಹಿಂದಿನ ಮಾಲೀಕರಿಗೆ ಫೋನ್ ಮಾಡಿ "ಇವರನ್ನು ಮತ್ತೆ ಕೆಲಸಕ್ಕೆ ತಗೊಳ್ತೀರಾ?" ಎಂದು ಒಂದೇ ಮಾತು ಕೇಳಿ. ಸೇರಿಸಿಕೊಳ್ಳುವಾಗ ವೈದ್ಯಕೀಯ ತಪಾಸಣೆ ಮಾಡಿಸಿ. ಆಹಾರ ಮುಟ್ಟುವವರಿಗೆ ಇದು ವರ್ಷಕ್ಕೊಮ್ಮೆ ಆಗಬೇಕು. ಜಾತಿ, ಧರ್ಮ, ಮದುವೆ, ಮಕ್ಕಳ ಬಗ್ಗೆ ಕೇಳಬೇಡಿ. ಅದಕ್ಕೆ ಈ ಹಾಳೆಯಲ್ಲಿ ಅಂಕವೂ ಇಲ್ಲ, ಜಾಗವೂ ಇಲ್ಲ.

ಅಂಕ ಹಾಕಿದ ಹಾಳೆಗಳನ್ನು ಸಂಘದ ಕಡತದಲ್ಲಿ ಇಡಿ. ಇವರನ್ನೇ ಯಾಕೆ ತಗೊಂಡಿರಿ ಎಂದು ಮಾಸಿಕ ಸಭೆಯಲ್ಲಿ ಯಾರಾದರೂ ಕೇಳಿದರೆ ತೆಗೆದು ತೋರಿಸಬಹುದು.